ಗಂಟಲಲ್ಲಿ ತುತ್ತು ಸಿಕ್ಕಿಕೊಂಡಾಗ ಹೊಟ್ಟೆ ಒತ್ತುವುದು: ಯಾವ ಗಾಳಿ ತಳ್ಳುತ್ತದೆ, ಯಾವ ಕ್ರಮದಲ್ಲಿ ಮಾಡಬೇಕು

ತುಮಕೂರು ಜಿಲ್ಲೆಯ ಊರುಗಳಲ್ಲಿ ಪ್ರಥಮ ಚಿಕಿತ್ಸೆ ಹೇಳಿಕೊಡಲು ಹೋದಾಗಲೆಲ್ಲ ನಾನು ಒಂದೇ ತಪ್ಪನ್ನು ನೋಡುತ್ತೇನೆ. ತುತ್ತು ಸಿಕ್ಕಿ ಉಸಿರುಗಟ್ಟಿದವರಿಗೆ ಏನು ಮಾಡುತ್ತೀರಿ ಅಂತ ಕೇಳಿದರೆ, "ಹಿಂದಿನಿಂದ ಹಿಡ್ಕೊಂಡು ಹೊಟ್ಟೆ ಒತ್ತಬೇಕು ಸಿಸ್ಟರ್" ಅಂತ ಹತ್ತರಲ್ಲಿ ಎಂಟು ಜನ ಹೇಳುತ್ತಾರೆ. ಉತ್ತರ ಸರಿ. ಆದರೆ ತಲೆದಿಂಬು ಕೊಟ್ಟು ಮಾಡಿ ತೋರಿಸಿ ಅಂದರೆ ಪಕ್ಕೆಲುಬನ್ನು ತಬ್ಬಿ ಮೆಲ್ಲಗೆ ಹಿಂಡುತ್ತಾರೆ. ಹೀಗೆ ಹಿಂಡಿದರೆ ಪಕ್ಕೆ ಮುರಿಯಬಹುದು, ತುತ್ತು ಮಾತ್ರ ಅಲ್ಲೇ ಇರುತ್ತದೆ.

ಈ ತಪ್ಪಿಗೆ ಕಾರಣ ಇದೆ. ಏನು ಮಾಡಬೇಕು ಅಂತ ಎಲ್ಲೋ ನೋಡಿರುತ್ತಾರೆ, ಒಳಗೆ ಏನಾಗುತ್ತದೆ ಅಂತ ಯಾರೂ ಹೇಳಿರುವುದಿಲ್ಲ. ಒಳಗಿನದು ಗೊತ್ತಾದರೆ ಮುಷ್ಟಿ ಎಲ್ಲಿಡಬೇಕು, ಯಾವ ಕಡೆಗೆ ಎಳೆಯಬೇಕು, ಎಷ್ಟು ಬೇಗ ಎಳೆಯಬೇಕು ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹಾಗಾಗಿ ಮೊದಲು ಗಾಳಿಯ ವಿಷಯ, ಆಮೇಲೆ ಕೈಯ ಕೆಲಸ.

ಜೊತೆಗೆ ಒಂದು ಘಟನೆಯನ್ನೂ ಹೇಳುತ್ತಾ ಹೋಗುತ್ತೇನೆ. ಮಧುಗಿರಿ ಕಡೆಯ ಒಂದು ಬೀಗರೂಟ. ನನ್ನ ಎದುರು ಪಂಕ್ತಿಯಲ್ಲಿ ಸುಮಾರು ಐವತ್ತು ವಯಸ್ಸಿನ ಒಬ್ಬರು ಕೂತಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದಿ, ಜೊತೆಗೊಂದು ಮಟನ್ ತುಂಡು ಸೇರಿಸಿ ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ಪಕ್ಕದವರು ಏನೋ ಹೇಳಿದರು, ಇವರು ನಗಲು ಉಸಿರೆಳೆದುಕೊಂಡರು. ಅಲ್ಲಿಗೆ ಸದ್ದು ನಿಂತುಹೋಯಿತು.

## ಮೊದಲು ಇದು ಗೊತ್ತಿರಲಿ: ಶ್ವಾಸಕೋಶ ಯಾವತ್ತೂ ಖಾಲಿಯಾಗುವುದಿಲ್ಲ

ಈಗ ನೀವು ಸುಮ್ನೆ ಒಮ್ಮೆ ಉಸಿರು ಬಿಡಿ. ಎಲ್ಲ ಗಾಳಿ ಹೋಯಿತು ಅನ್ನಿಸುತ್ತದೆ ಅಲ್ವಾ? ಹೋಗಿರುವುದಿಲ್ಲ. ಸಾಮಾನ್ಯ ಉಸಿರಾಟದಲ್ಲಿ ಒಳಗೆ ಹೊರಗೆ ಓಡಾಡುವುದು ಅರ್ಧ ಲೀಟರ್ ಗಾಳಿ ಮಾತ್ರ. ಉಸಿರು ಬಿಟ್ಟ ಮೇಲೂ ದೊಡ್ಡವರ ಶ್ವಾಸಕೋಶದಲ್ಲಿ ಎರಡು ಲೀಟರಿಗಿಂತ ಜಾಸ್ತಿ, ಅಂದಾಜು 2.4 ಲೀಟರ್ ಗಾಳಿ ಉಳಿದಿರುತ್ತದೆ. ಹೊಟ್ಟೆ ಬೆನ್ನಿಗಂಟುವ ಹಾಗೆ ಒತ್ತಿ ಒತ್ತಿ ಊದಿದರೂ ಕೊನೆಗೆ 1.2 ಲೀಟರಿನಷ್ಟು ಉಳಿದೇ ಉಳಿಯುತ್ತದೆ. ಎದೆಗೂಡಿನ ಮೂಳೆಗಳು ಒಂದು ಹಂತದ ಆಚೆಗೆ ಕುಗ್ಗುವುದಿಲ್ಲ. ಒಳಗಿನ ಸಣ್ಣ ಸಣ್ಣ ನಾಳಗಳೂ ಅಷ್ಟು ಹೊತ್ತಿಗೆ ಮುಚ್ಚಿಕೊಂಡು ಉಳಿದ ಗಾಳಿಯನ್ನು ಒಳಗೇ ಹಿಡಿದಿಡುತ್ತವೆ.

ತುತ್ತು ಶ್ವಾಸನಾಳದ ಬಾಯಿಗೆ ಬಂದು ಕೂರುವುದು ಹೆಚ್ಚಾಗಿ ಉಸಿರು ಎಳೆದುಕೊಳ್ಳುವಾಗ. ಮಾತು, ನಗು, ಬಿಕ್ಕಳಿಕೆ ಎಲ್ಲದರಲ್ಲೂ ಉಸಿರೆಳೆಯುವ ಕ್ಷಣ ಇದ್ದೇ ಇರುತ್ತದೆ. ಅಂದರೆ ಮುಚ್ಚಳ ಬೀಳುವ ಹೊತ್ತಿಗೆ ಒಳಗೆ ಗಾಳಿ ಕಮ್ಮಿ ಇರುವುದಿಲ್ಲ, ಎರಡೂವರೆ ಲೀಟರಿನ ಆಸುಪಾಸು ಇರುತ್ತದೆ. ಹೊಟ್ಟೆ ಒತ್ತುವ ಉಪಾಯ ನಿಂತಿರುವುದು ಈ ಗಾಳಿಯ ಮೇಲೆ. ಹೊರಗಿನ ಗಾಳಿ ಒಳಗೆ ಹೋಗುವ ದಾರಿ ಇಲ್ಲ. ಒಳಗೆ ಸಿಕ್ಕಿಕೊಂಡಿರುವ ಗಾಳಿಯಿಂದಲೇ ತುತ್ತನ್ನು ಹಿಂದಿನಿಂದ ತಳ್ಳಿಸಬೇಕು.

ಶ್ವಾಸಕೋಶದ ಕೆಳಗೆ ಗುಮ್ಮಟದ ಹಾಗೆ ಒಂದು ಮಾಂಸದ ಪರದೆ ಇದೆ, ಅದಕ್ಕೆ ವಪೆ ಎನ್ನುತ್ತಾರೆ. ಅದರ ಕೆಳಗೆ ಜಠರ, ಪಿತ್ತಜನಕಾಂಗ. ಹೊಟ್ಟೆಯ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಜೋರಾಗಿ ನೂಕಿದರೆ ಇವೆಲ್ಲ ಸೇರಿ ವಪೆಯನ್ನು ಮೇಲೆತ್ತುತ್ತವೆ. ಮೇಲಿರುವ ಗಾಳಿಗೆ ಜಾಗ ಕಮ್ಮಿಯಾಗುತ್ತದೆ. ಜಾಗ ಕಮ್ಮಿಯಾದಷ್ಟೂ ಒತ್ತಡ ಏರುತ್ತದೆ.

ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕೋಣ. ಬೀಗರೂಟದಲ್ಲಿ ಕೂತಿದ್ದವರ ಎದೆಯಲ್ಲಿ 2.4 ಲೀಟರ್, ಅಂದರೆ 2400 ಮಿ.ಲೀ. ಗಾಳಿ ಇತ್ತು ಅಂತಿಟ್ಟುಕೊಳ್ಳಿ. ಒಂದು ಒತ್ತಿಗೆ ಬರೀ 100 ಮಿ.ಲೀ.ನಷ್ಟು, ಅಂದರೆ ಅರ್ಧ ಲೋಟ ಕಾಫಿಯಷ್ಟು ಜಾಗ ಕಮ್ಮಿಯಾಯಿತು. ಬಾಯಿ ಮುಚ್ಚಿದ ಪಾತ್ರೆಯಲ್ಲಿ ಗಾಳಿಯ ಜಾಗ ಎಷ್ಟು ಪಾಲು ಕುಗ್ಗುತ್ತದೋ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಪಾಲು ಏರುತ್ತದೆ. ಹೊರಗಿನ ವಾತಾವರಣದ ಒತ್ತಡ 760 ಮಿ.ಮೀ. ಪಾದರಸ ಅಂತ ಹಿಡಿದರೆ, 760 × 2400 ÷ 2300 ಮಾಡಿದಾಗ 793 ಬರುತ್ತದೆ. ಏರಿದ್ದು 33. ಬಿ.ಪಿ. ನೋಡುವಾಗ ಬಳಸುತ್ತಾರಲ್ಲ, ಅದೇ ಅಳತೆ ಇದು. ನೀರಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 45 ಸೆಂ.ಮೀ. ಎತ್ತರದ ನೀರು ನಿಂತ ಹಾಗೆ.

ದೊಡ್ಡವರ ಶ್ವಾಸನಾಳದ ಅಗಲ 2 ಸೆಂ.ಮೀ. ಹತ್ತಿರ ಇರುತ್ತದೆ. ತುತ್ತಿನ ಕೆಳಮುಖ 2 ಚದರ ಸೆಂ.ಮೀ. ಅಂತಿಟ್ಟುಕೊಂಡರೂ ಅದರ ಮೇಲೆ 90 ಗ್ರಾಂ ತೂಕದಷ್ಟು ಬಲ ಕೆಳಗಿನಿಂದ ಬೀಳುತ್ತದೆ. ತುತ್ತಿನ ತೂಕ ಹತ್ತು ಗ್ರಾಂ ಇದ್ದರೆ ಅದರ ಒಂಬತ್ತು ಪಟ್ಟು ಬಲ. ನಿಜವಾದ ಎದೆ ಗಾಜಿನ ಪಾತ್ರೆ ಅಲ್ಲ, ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಈ ಸಂಖ್ಯೆಗಳು ಅಂದಾಜು. ಆದರೂ ಅರ್ಧ ಲೋಟದಷ್ಟು ಜಾಗ ಕುಗ್ಗಿದರೆ ಸಾಕು, ಸಿಕ್ಕಿದ್ದು ಅಲುಗಾಡುವ ಮಟ್ಟದ ಒತ್ತಡ ಬರುತ್ತದೆ. ಒಮ್ಮೆ ಅಲುಗಿ ಸಂದು ಬಿಟ್ಟರೆ ಹಿಂದೆ ಒತ್ತಿಕೊಂಡಿದ್ದ ಗಾಳಿ ನುಗ್ಗಿ ಬಂದು ಅದನ್ನು ಬಾಯಿಯ ಕಡೆ ಎಸೆಯುತ್ತದೆ.

## ಮನೆಯಲ್ಲೇ ನೋಡಿ: ಬಾಟಲಿ ಮತ್ತು ತಂಗಳು ಮುದ್ದೆ

ತರಬೇತಿಯಲ್ಲಿ ನಾನು ಇದನ್ನು ಮಾಡಿಸದೆ ಮುಂದೆ ಹೋಗುವುದಿಲ್ಲ. ತೆಳು ಪ್ಲಾಸ್ಟಿಕ್ಕಿನ ಒಂದು ಲೀಟರ್ ನೀರಿನ ಬಾಟಲಿ, ಒಂದು ಚೂರು ತಂಗಳು ಮುದ್ದೆ, ಎರಡು ಹನಿ ಎಣ್ಣೆ, ಒಂದು ಸೂಜಿ ಸಾಕು. ಬಾಟಲಿಯ ಬಾಯಿಯ ಅಗಲ ಹೆಚ್ಚುಕಮ್ಮಿ ನಮ್ಮ ಶ್ವಾಸನಾಳದಷ್ಟೇ ಇರುತ್ತದೆ.

ಮುದ್ದೆಯನ್ನು ಉಂಡೆ ಮಾಡಿ, ಎಣ್ಣೆ ಸವರಿ, ಖಾಲಿ ಬಾಟಲಿಯ ಬಾಯಿಗೆ ಬಿರಡೆಯ ಹಾಗೆ ತುರುಕಿ. ಬಾಯಿಯನ್ನು ಯಾರ ಮುಖದ ಕಡೆಗೂ ಹಿಡಿಯಬೇಡಿ. ಮೊದಲು ಬಾಟಲಿಯನ್ನು ಎರಡು ಕೈಯಲ್ಲಿ ನಿಧಾನವಾಗಿ ಹಿಂಡಿ. ಮುದ್ದೆ ಸ್ವಲ್ಪ ಉಬ್ಬುತ್ತದೆ, ಪಕ್ಕದಿಂದ ಸುಯ್ ಅಂತ ಗಾಳಿ ಸೋರುತ್ತದೆ, ಹಿಂಡಿದ ಶ್ರಮವೆಲ್ಲ ವ್ಯರ್ಥ. ಮತ್ತೆ ಸರಿಯಾಗಿ ತುರುಕಿ, ಈಗ ಒಂದೇ ಏಟಿಗೆ ಗಬಕ್ಕನೆ ಹಿಂಡಿ. ಮುದ್ದೆ ಹಾರುತ್ತದೆ. ಗಾಳಿ ಅಷ್ಟೇ, ಕೈ ಅಷ್ಟೇ. ಸೋರುವುದಕ್ಕೆ ಸಮಯ ಸಿಗಲಿಲ್ಲ, ಅದೊಂದೇ ವ್ಯತ್ಯಾಸ.

ಈಗ ಬಾಟಲಿಗೆ ಸೂಜಿಯಿಂದ ನಾಲ್ಕಾರು ತೂತು ಚುಚ್ಚಿ ಮತ್ತೆ ಮಾಡಿ. ಎಷ್ಟು ಜೋರಾಗಿ ಹಿಂಡಿದರೂ ಮೊದಲಿನ ಹಾಗೆ ಹಾರುವುದಿಲ್ಲ. ದಾರಿ ಅರ್ಧ ತೆರೆದಿರುವವರ ಹೊಟ್ಟೆ ಒತ್ತಿದಾಗ ಆಗುವುದೂ ಇದೇ. ಅದಕ್ಕೇ ಮುಂದಿನ ಹಂತ ಅಷ್ಟು ಮುಖ್ಯ.

## ಹಂತ 1: ದಾರಿ ಪೂರ್ತಿ ಮುಚ್ಚಿದೆಯಾ, ಅರ್ಧ ಮುಚ್ಚಿದೆಯಾ ನೋಡಿ

ಕೆಮ್ಮು ಬರುತ್ತಿದೆಯಾ? ಸದ್ದು ಬರುತ್ತಿದೆಯಾ? ಬರುತ್ತಿದ್ದರೆ ಗಾಳಿ ಓಡಾಡುತ್ತಿದೆ. ಆಗ ಮುಟ್ಟಬೇಡಿ. "ಕೆಮ್ಮಣ್ಣಾ, ಜೋರಾಗಿ ಕೆಮ್ಮು" ಅಂತ ಹೇಳಿ ಪಕ್ಕದಲ್ಲೇ ನಿಲ್ಲಿ. ಅವರು ಉಸಿರೆಳೆದು ಕೆಮ್ಮಿದಾಗ ಎದೆಯೊಳಗೆ ಬರುವ ಒತ್ತಡ ನಮ್ಮ ಕೈಯಿಂದ ಬರುವುದಕ್ಕಿಂತ ಎಷ್ಟೋ ಜಾಸ್ತಿ. ಕೆಮ್ಮುವವರ ಹೊಟ್ಟೆ ಒತ್ತಿದರೆ ಅವರ ಸ್ವಂತ ಕೆಮ್ಮನ್ನು ನಾವೇ ಕೆಡಿಸಿದ ಹಾಗಾಗುತ್ತದೆ.

ಪೂರ್ತಿ ಮುಚ್ಚಿದ್ದರೆ ಲಕ್ಷಣವೇ ಬೇರೆ. ಬಾಯಿ ತೆರೆದಿರುತ್ತದೆ, ಸದ್ದಿಲ್ಲ. ಕೆಮ್ಮಲು ನೋಡುತ್ತಾರೆ, ಗಾಳಿ ಬರುವುದಿಲ್ಲ. ಕೈ ಗಂಟಲಿಗೆ ಹೋಗುತ್ತದೆ. ಉಸಿರೆಳೆಯಲು ಹೋದಾಗ ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತದೆ, ಎದೆ ಮಾತ್ರ ಉಬ್ಬುವುದಿಲ್ಲ. ಸ್ವಲ್ಪ ಹೊತ್ತಿಗೆ ತುಟಿ, ಉಗುರು ನೀಲಿಗೆ ತಿರುಗುತ್ತವೆ. "ಗಂಟಲಲ್ಲಿ ಸಿಕ್ಕಿದೆಯಾ?" ಅಂತ ಒಂದೇ ಪ್ರಶ್ನೆ ಕೇಳಿ. ಮಾತಾಡದೆ ತಲೆ ಆಡಿಸಿದರೆ ಅದೇ ಉತ್ತರ.

ಆ ದಿನ ಅವರು ಎದ್ದು ನಿಂತಿದ್ದರು. ಎಡಗೈ ಕುತ್ತಿಗೆಯ ಮೇಲೆ, ಬಲಗೈಯಲ್ಲಿ ಇನ್ನೂ ಸಾರು ಮೆತ್ತಿತ್ತು. ಮುಖ ಕೆಂಪು, ಕಣ್ಣಲ್ಲಿ ನೀರು, ಸದ್ದು ಮಾತ್ರ ಒಂಚೂರೂ ಇಲ್ಲ. ನೆತ್ತಿಗೆ ಹತ್ತಿದವರು ಖೊಕ್ ಖೊಕ್ ಅಂತ ಕೆಮ್ಮುತ್ತಾ ಮನೆಯನ್ನೇ ಎಬ್ಬಿಸುತ್ತಾರೆ. ಇದು ಅದಲ್ಲ ಅಂತ ನನಗೆ ಗೊತ್ತಾಗಿದ್ದು ಆ ನಿಶ್ಶಬ್ದದಿಂದ.

## ಹಂತ 2: ಜನ ಮಾಡುವ ಮೂರು ಕೆಲಸ ನಿಲ್ಲಿಸಿ

ಅಷ್ಟರಲ್ಲಿ ಒಬ್ಬರು ಅವರ ನೆತ್ತಿ ತಟ್ಟುತ್ತಿದ್ದರು, "ಯಾರೋ ನೆನೆಸ್ಕೊಂಡ್ರು" ಅಂತ. ಇನ್ನೊಬ್ಬರು ನೀರಿನ ಲೋಟ ಬಾಯಿಗೆ ಹಿಡಿದರು. ಮತ್ತೊಬ್ಬರು "ಬಾಳೆಹಣ್ಣು ನುಂಗ್ಸಿ, ಇಳಿದೋಗುತ್ತೆ" ಅಂದರು. ಅರ್ಧ ನಿಮಿಷ ಇದರಲ್ಲೇ ಹೋಯಿತು.

ನೆತ್ತಿ ತಟ್ಟಿದರೆ ಎದೆಯ ಗಾಳಿಗೆ ಏನೂ ಆಗುವುದಿಲ್ಲ. ನೀರು ಮತ್ತು ಬಾಳೆಹಣ್ಣು ಅನ್ನನಾಳಕ್ಕೆ ಹೋಗಬೇಕಾದವು, ತುತ್ತು ಸಿಕ್ಕಿರುವುದು ಶ್ವಾಸನಾಳದ ಬಾಯಲ್ಲಿ. ಮೇಲಿನಿಂದ ಏನು ಸುರಿದರೂ ಮುಚ್ಚಳದ ಮೇಲೆ ಇನ್ನೊಂದು ಮುಚ್ಚಳ ಆಗುತ್ತದೆ. ಕಾಣದ ತುತ್ತಿಗಾಗಿ ಬೆರಳು ತುರುಕಿ ತಡಕಾಡುವುದೂ ಬೇಡ. ತುದಿ ಸಿಗದಿದ್ದರೆ ಬೆರಳೇ ಅದನ್ನು ಇನ್ನೂ ಕೆಳಕ್ಕೆ ತಳ್ಳುತ್ತದೆ.

ಇದೇ ಹೊತ್ತಿಗೆ ಇನ್ನೊಬ್ಬರಿಂದ 108ಕ್ಕೋ 112ಕ್ಕೋ ಕರೆ ಮಾಡಿಸಿ. "ಯಾರಾದ್ರೂ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ಒಬ್ಬರನ್ನು ಕೈ ತೋರಿಸಿ, "ನೀಲಿ ಶರ್ಟಿನ ಅಣ್ಣಾ, ನೀವು 108ಕ್ಕೆ ಮಾಡಿ" ಅನ್ನಿ.

## ಹಂತ 3: ಮೊದಲು ಬೆನ್ನಿಗೆ ಐದು ಏಟು

ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ನಿಲ್ಲಿ. ಒಂದು ಕೈಯಿಂದ ಎದೆಯನ್ನು ಆನಿಸಿ ಹಿಡಿದು ಅವರನ್ನು ಸೊಂಟದಿಂದ ಚೆನ್ನಾಗಿ ಮುಂದಕ್ಕೆ ಬಗ್ಗಿಸಿ. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ ಐದು ಸಲ ಜೋರಾಗಿ ಹೊಡೆಯಿರಿ. ಪ್ರತಿ ಏಟೂ ಬೇರೆ ಬೇರೆ ಇರಲಿ. ಏಟಿನ ಅದುರುವಿಕೆಗೆ ಅಂಟಿಕೊಂಡಿದ್ದು ಸಡಿಲವಾಗುತ್ತದೆ, ಎದೆಯ ಗಾಳಿಗೂ ಒಂದು ಚಿಕ್ಕ ಧಕ್ಕೆ ಸಿಗುತ್ತದೆ.

ಬಗ್ಗಿಸುವುದನ್ನು ಮರೆಯಬೇಡಿ. ನೆಟ್ಟಗೆ ನಿಂತವರ ಬೆನ್ನಿಗೆ ಹೊಡೆದರೆ ಸಡಿಲವಾದದ್ದು ಕೆಳಕ್ಕೇ ಜಾರಬಹುದು. ಪ್ರತಿ ಏಟಿನ ನಂತರ ಬಿತ್ತಾ ಅಂತ ನೋಡಿ. ಬಿದ್ದರೆ ನಿಲ್ಲಿಸಿ, ಐದು ಪೂರೈಸಬೇಕಾಗಿಲ್ಲ. ಆ ದಿನ ಐದೂ ಹೊಡೆದೆ, ಏನೂ ಬರಲಿಲ್ಲ. ಮುದ್ದೆ ಸುತ್ತಿದ ಮಟನ್ ಚೂರು ಅಂಟಿನ ಹಾಗೆ ಕೂತಿತ್ತು. ಮುದ್ದೆಯ ಗುಣವೇ ಅದು. ಅಗಿಯದೆ ನುಂಗುತ್ತೇವೆ, ಮೃದುವಾಗಿದೆ ಅಂತ ಧೈರ್ಯ. ಆದರೆ ಆ ಮೃದುತನವೇ ನಾಳದ ಆಕಾರಕ್ಕೆ ಒಗ್ಗಿಕೊಂಡು ಸಂದಿಲ್ಲದ ಹಾಗೆ ಮುಚ್ಚುತ್ತದೆ.

## ಹಂತ 4: ಹೊಟ್ಟೆಗೆ ಐದು ಒತ್ತು

ಎಲ್ಲರೂ ತಪ್ಪುವುದು ಇಲ್ಲಿ. ನಿಧಾನವಾಗಿ ಓದಿ.

ನಿಲ್ಲುವುದು: ಅವರ ಹಿಂದೆ ನಿಂತು, ನಿಮ್ಮ ಒಂದು ಕಾಲನ್ನು ಅವರ ಎರಡು ಪಾದಗಳ ನಡುವೆ ಇಡಿ. ಅವರು ಪ್ರಜ್ಞೆ ತಪ್ಪಿ ಕುಸಿದರೆ ನಿಮ್ಮ ತೊಡೆಯ ಮೇಲೆ ಜಾರಿಸಿ ಮಲಗಿಸಬಹುದು. ಕಾಲು ಜೋಡಿಸಿ ನಿಂತರೆ ಇಬ್ಬರೂ ಬೀಳುತ್ತೀರಿ. ನೆಲದ ಮೇಲೆ ಊಟಕ್ಕೆ ಕೂತವರು ಏಳಲಾಗದಿದ್ದರೆ ನೀವೇ ಹಿಂದೆ ಮಂಡಿಯೂರಿ. ಮಕ್ಕಳಿಗೂ ಹೀಗೇ, ಅವರ ಎತ್ತರಕ್ಕೆ ನೀವು ಇಳಿಯಬೇಕು.

ಮುಷ್ಟಿ: ಒಂದು ಕೈಯಿಂದ ಹೊಕ್ಕುಳ ಹುಡುಕಿ. ಅದರಿಂದ ಎರಡು ಬೆರಳು ಮೇಲೆ ಇನ್ನೊಂದು ಕೈಯ ಮುಷ್ಟಿ ಇಡಿ, ಹೆಬ್ಬೆರಳಿನ ಕಡೆ ಹೊಟ್ಟೆಗೆ ತಾಗಲಿ. ಎದೆಮೂಳೆಯ ಚೂಪು ತುದಿಗೂ ಮುಷ್ಟಿಗೂ ನಡುವೆ ಜಾಗ ಇರಬೇಕು. ಆ ತುದಿಯ ಮೇಲೆ ಒತ್ತಿದರೆ ಅದು ಮುರಿದು ಒಳಗಿನ ಅಂಗಕ್ಕೆ ಪೆಟ್ಟಾಗಬಹುದು. ಹೊಕ್ಕುಳಿಗಿಂತ ಕೆಳಗೆ ಒತ್ತಿದರೆ ಕರುಳು ಅತ್ತಿತ್ತ ಸರಿಯುತ್ತದೆಯೇ ಹೊರತು ವಪೆ ಏಳುವುದಿಲ್ಲ.

ಮೊಣಕೈ: ಮುಷ್ಟಿಯ ಮೇಲೆ ಇನ್ನೊಂದು ಕೈ ಹಿಡಿದ ಮೇಲೆ ನಿಮ್ಮ ಎರಡು ಮೊಣಕೈಗಳನ್ನೂ ಅವರ ಪಕ್ಕೆಯಿಂದ ದೂರ ಹೊರಕ್ಕೆ ಚಾಚಿ. ತಬ್ಬಿ ಹಿಂಡುವ ತಪ್ಪು ಹುಟ್ಟುವುದೇ ಮೊಣಕೈ ಒಳಗಿರುವುದರಿಂದ. ಬಲವೆಲ್ಲ ಮುಷ್ಟಿಯ ಒಂದು ಜಾಗದಲ್ಲಿ ಬೀಳಬೇಕು, ಪಕ್ಕೆಲುಬಿನ ಮೇಲಲ್ಲ.

ಎಳೆತ: ಒಳಕ್ಕೆ ಮತ್ತು ಮೇಲಕ್ಕೆ, ಎರಡೂ ಒಂದೇ ಸಲಕ್ಕೆ. ದೊಡ್ಡ ಚಮಚದಿಂದ ಪಾತ್ರೆಯ ತಳದ ಸಾರನ್ನು ನಿಮ್ಮ ಕಡೆಗೆ ಮೊಗೆಯುವ ಹಾಗೆ ಅಂತ ಹೇಳಿಕೊಡುತ್ತೇನೆ. ಬರೀ ಒಳಕ್ಕೆ ಒತ್ತಿದರೆ ಹೊಟ್ಟೆ ಬೆನ್ನುಮೂಳೆಗೆ ತಾಗಿ ನಿಲ್ಲುತ್ತದೆ, ಗುಮ್ಮಟ ಮೇಲೇಳುವುದಿಲ್ಲ. ಬರೀ ಮೇಲಕ್ಕೆ ಎಳೆದರೆ ಮುಷ್ಟಿ ಅಂಗಿಯ ಮೇಲೆ ಜಾರಿ ಪಕ್ಕೆಗೆ ಬಡಿಯುತ್ತದೆ.

ವೇಗ: ಬಾಟಲಿಯನ್ನು ನೆನಪಿಸಿಕೊಳ್ಳಿ. ಗಬಕ್ಕನೆ ಎಳೆಯಬೇಕು. ಆಮೇಲೆ ಪೂರ್ತಿ ಸಡಿಲ ಬಿಡಬೇಕು, ಮುಷ್ಟಿ ಮಾತ್ರ ಜಾಗ ಬಿಟ್ಟು ಕದಲಬಾರದು. ಸಡಿಲ ಬಿಟ್ಟಾಗ ವಪೆ ಕೆಳಗಿಳಿಯುತ್ತದೆ, ಮುಂದಿನ ಒತ್ತಿಗೆ ಓಡಲು ಜಾಗ ಸಿಗುತ್ತದೆ. ಒತ್ತಿ ಹಿಡಿದುಕೊಂಡೇ ಮತ್ತೆ ಒತ್ತಿದರೆ ಎರಡನೆಯದರಲ್ಲಿ ಏನೂ ಇರುವುದಿಲ್ಲ.

"ಒಂದು ಸಲ ಒತ್ತಿದ ಮೇಲೆ ಒಳಗಿನ ಗಾಳಿ ಮುಗಿದು ಹೋಗಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ದಾರಿ ಪೂರ್ತಿ ಮುಚ್ಚಿದ್ದರೆ ಮುಗಿಯುವುದಿಲ್ಲ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಗಾಳಿ ಎಲ್ಲಿಗೆ ಹೋಗುತ್ತದೆ? ಕುಗ್ಗುತ್ತದೆ, ಬಿಟ್ಟಾಗ ಮತ್ತೆ ಹಿಗ್ಗುತ್ತದೆ. ಐದನೇ ಒತ್ತಿಗೂ ಮೊದಲನೆಯದರಷ್ಟೇ ಬಂಡವಾಳ ಇರುತ್ತದೆ. ಹಾಗಾಗಿ ಮೊದಲ ಎರಡಕ್ಕೆ ಬರಲಿಲ್ಲ ಅಂತ ಕೈ ಬಿಡಬಾರದು.

ಐದು ಆದ ಮೇಲೂ ಬರದಿದ್ದರೆ ಮತ್ತೆ ಬೆನ್ನಿಗೆ ಐದು, ಹೊಟ್ಟೆಗೆ ಐದು. ತುತ್ತು ಹೊರಬರುವ ತನಕ ಅಥವಾ ಅವರು ಪ್ರಜ್ಞೆ ತಪ್ಪುವ ತನಕ ಇದೇ ಸರದಿ. ಆ ದಿನ ನನ್ನ ಮೊದಲ ಒತ್ತು ಸರಿಯಾಗಲಿಲ್ಲ. ಅವರದು ಪಂಚೆಯ ಗಂಟು ದಪ್ಪ ಇತ್ತು, ಮುಷ್ಟಿ ಅದರ ಮೇಲೆ ಕೂತಿತ್ತು. ಸ್ವಲ್ಪ ಮೇಲೆ ಸರಿಸಿದೆ. ಎರಡನೆಯದಕ್ಕೆ ಗಂಟಲಿಂದ ಗೊರ್ ಅಂತ ಒಂದು ಸಣ್ಣ ಸದ್ದು ಬಂತು. ಸಂದು ಬಿಟ್ಟಿದೆ ಅಂತ ಗೊತ್ತಾಯಿತು. ಮೂರನೆಯದಕ್ಕೆ ಹೆಬ್ಬೆರಳ ತುದಿಯಷ್ಟು ದಪ್ಪದ ಮಾಂಸದ ಚೂರು, ಸುತ್ತ ಬೂದು ಬಣ್ಣದ ಮುದ್ದೆ ಮೆತ್ತಿಕೊಂಡು, ಎದುರಿನ ಬಾಳೆಲೆಯ ಮೇಲೆ ಬಿತ್ತು. ಆಮೇಲೆ ಎಳೆದ ಉಸಿರಿನ ಸದ್ದು ಇಡೀ ಶಾಮಿಯಾನಕ್ಕೆ ಕೇಳಿಸಿತು.

## ಹಂತ 5: ಯಾರಿಗೆ ಹೊಟ್ಟೆ ಒತ್ತಬಾರದು

ಒಂದು ವರ್ಷದೊಳಗಿನ ಕೂಸಿಗೆ ಯಾವ ಕಾರಣಕ್ಕೂ ಬೇಡ. ಕೂಸಿನ ಪಿತ್ತಜನಕಾಂಗ ದೊಡ್ಡದು, ಪಕ್ಕೆಲುಬಿನ ಮರೆಯಿಂದ ಕೆಳಗೆ ಇಳಿದಿರುತ್ತದೆ, ಒತ್ತಿದರೆ ಹರಿಯಬಹುದು. ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಾಗುವಂತೆ ಮಲಗಿಸಿ, ತಲೆಗೂ ದವಡೆಗೂ ಆಸರೆ ಕೊಟ್ಟು, ಅಂಗೈ ಬುಡದಿಂದ ಬೆನ್ನಿಗೆ ಐದು ಏಟು ಕೊಡಿ. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ, ಎರಡು ಮೊಲೆತೊಟ್ಟುಗಳ ಗೆರೆಯ ಸ್ವಲ್ಪ ಕೆಳಗೆ, ಐದು ಸಲ ಒತ್ತಿ. ಕಾಲು ಹಿಡಿದು ತಲೆಕೆಳಗು ನೇತುಹಾಕಿ ಅಲ್ಲಾಡಿಸಬೇಡಿ.

ತುಂಬು ಬಸುರಿಯರಿಗೆ ಮತ್ತು ಹೊಟ್ಟೆ ಸುತ್ತ ಕೈ ತಲುಪದಷ್ಟು ದಪ್ಪ ಇರುವವರಿಗೆ ಮುಷ್ಟಿಯನ್ನು ಎದೆಮೂಳೆಯ ನಡುವೆ ಇಟ್ಟು ನೇರ ಹಿಂದಕ್ಕೆ ಎಳೆಯಿರಿ. ತತ್ವ ಅದೇ. ಕೆಳಗಿನಿಂದ ಕುಗ್ಗಿಸುವ ಬದಲು ಮುಂದಿನಿಂದ ಕುಗ್ಗಿಸುತ್ತೇವೆ.

ಮನೆಯಲ್ಲಿ ಒಬ್ಬರೇ ಇದ್ದಾಗ ಸಿಕ್ಕಿಕೊಂಡರೆ ನಿಮ್ಮ ಮುಷ್ಟಿಯಿಂದ ನೀವೇ ಒತ್ತಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಬಲ ಬೇಕಾದರೆ ಕುರ್ಚಿಯ ಬೆನ್ನಿನ ಮೇಲೋ ಜಗಲಿ ಕಟ್ಟೆಯ ಅಂಚಿನ ಮೇಲೋ ಹೊಟ್ಟೆಯ ಅದೇ ಜಾಗವನ್ನು ಆನಿಸಿ ಮೈಯನ್ನು ಧುಡುಕ್ಕನೆ ಬಿಡಿ.

ಅಭ್ಯಾಸಕ್ಕೆ ಅಂತ ಆರೋಗ್ಯವಾಗಿರುವವರ ಮೇಲೆ ನಿಜವಾಗಿ ಒತ್ತಬೇಡಿ. ಕೈ ಇಡುವ ಜಾಗ, ಮೊಣಕೈ, ಕಾಲು ಇವನ್ನು ಮಾತ್ರ ಅಭ್ಯಾಸ ಮಾಡಿ. ಎಳೆತವನ್ನು ತಲೆದಿಂಬಿನ ಮೇಲೆ ಮಾಡಿ.

## ಹಂತ 6: ಪ್ರಜ್ಞೆ ತಪ್ಪಿದರೆ

2.4 ಲೀಟರ್ ಗಾಳಿ ಇದ್ದರೂ ಅವರು ಯಾಕೆ ಇಷ್ಟು ಬೇಗ ಪ್ರಜ್ಞೆ ತಪ್ಪುತ್ತಾರೆ? ಆ ಗಾಳಿಯಲ್ಲಿ ಆಮ್ಲಜನಕ ಇರುವುದು ನೂರಕ್ಕೆ 14 ಪಾಲಿನಷ್ಟು, ಅಂದರೆ 340 ಮಿ.ಲೀ. ಸುಮ್ಮನೆ ಕೂತಿರುವ ದೇಹಕ್ಕೇ ನಿಮಿಷಕ್ಕೆ 250 ಮಿ.ಲೀ. ಬೇಕು. ಗಾಬರಿಯಲ್ಲಿ ಒದ್ದಾಡುವವರಿಗೆ ಇನ್ನೂ ಜಾಸ್ತಿ. ರಕ್ತದಲ್ಲಿ ಇರುವುದನ್ನೂ ಸೇರಿಸಿದರೆ ಒಂದೆರಡು ನಿಮಿಷದ ಮಾತು. ಆಮೇಲೆ ಮಿದುಳಿಗೆ ಕಷ್ಟ ಶುರುವಾಗುತ್ತದೆ. 4ರಿಂದ 6 ನಿಮಿಷಕ್ಕೆ ಹಾನಿ ಉಳಿದುಬಿಡಬಹುದು.

ಆದರೆ ಆಮ್ಲಜನಕ ಖಾಲಿಯಾದರೂ ಗಾಳಿ ಖಾಲಿಯಾಗುವುದಿಲ್ಲ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾರಜನಕ, ಅದನ್ನು ದೇಹ ಬಳಸುವುದಿಲ್ಲ. ಬದುಕಲು ಅದು ಪ್ರಯೋಜನಕ್ಕಿಲ್ಲ, ತುತ್ತನ್ನು ತಳ್ಳಲು ಅದು ಸಾಕು. ಒತ್ತಡಕ್ಕೆ ಯಾವ ಗಾಳಿಯಾದರೇನು? ಹಾಗಾಗಿ ಕುಸಿದು ಬಿದ್ದವರನ್ನು "ಮುಗೀತು" ಅಂತ ಬಿಡಬಾರದು.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. 108ಕ್ಕೆ ಕರೆ ಹೋಗಿದೆಯಾ ಮತ್ತೆ ಕೇಳಿ. ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ, ಎರಡು ಇಂಚು ಆಳಕ್ಕೆ, ಸೆಕೆಂಡಿಗೆ ಸುಮಾರು ಎರಡರಂತೆ 30 ಸಲ ಒತ್ತಿ. ಇದು ಹೃದಯದಿಂದ ಮೈಗೆಲ್ಲ ರಕ್ತ ಓಡಿಸುವುದರ ಜೊತೆಗೆ ಎದೆಯೊಳಗಿನ ಗಾಳಿಯನ್ನೂ ಕುಗ್ಗಿಸುತ್ತದೆ. ಮಾಂಸಖಂಡಗಳು ಸಡಿಲವಾಗಿರುವುದರಿಂದ ಕೆಲವೊಮ್ಮೆ ನಿಂತಾಗ ಬಾರದ್ದು ಈಗ ಬರುತ್ತದೆ. 30 ಆದ ಮೇಲೆ ಬಾಯಿ ತೆರೆದು ನೋಡಿ. ಕಂಡರೆ ಮಾತ್ರ ಬೆರಳಿನಿಂದ ತೆಗೆಯಿರಿ. ಬಾಯಿಂದ ಉಸಿರು ಕೊಡುವ ತರಬೇತಿ ಆಗಿದ್ದರೆ ಎರಡು ಸಲ ಕೊಟ್ಟು ನೋಡಿ. ಎದೆ ಏಳದಿದ್ದರೆ ದಾರಿ ಇನ್ನೂ ಮುಚ್ಚಿದೆ, ಮತ್ತೆ 30. ಆಂಬ್ಯುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಕೈ ಸೋತರೆ ಇನ್ನೊಬ್ಬರಿಗೆ ಕೊಡಿ.

## ಹಂತ 7: ಹೊರಬಂದ ಮೇಲೆ ಆಸ್ಪತ್ರೆ

ಹೊಟ್ಟೆ ಒತ್ತಿಸಿಕೊಂಡ ಪ್ರತಿಯೊಬ್ಬರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಅಷ್ಟು ಬಲ ಬಿದ್ದಾಗ ಜಠರ, ಪಿತ್ತಜನಕಾಂಗ, ಗುಲ್ಮಕ್ಕೆ ಪೆಟ್ಟಾಗಿರಬಹುದು, ಪಕ್ಕೆ ಬಿರುಕು ಬಿಟ್ಟಿರಬಹುದು. ಹೊಟ್ಟೆನೋವು ಏರುತ್ತಾ ಹೋಗುವುದು, ಹೊಟ್ಟೆ ಗಟ್ಟಿಯಾಗುವುದು, ಎಡ ಭುಜದಲ್ಲಿ ನೋವು, ತಲೆಸುತ್ತು, ರಕ್ತ ವಾಂತಿ, ಇವು ಕಂಡರೆ ಒಂದು ಗಂಟೆಯೂ ಕಾಯಬೇಡಿ.

ಇನ್ನೊಂದು ಅಪಾಯ ಚೂರು ಒಳಗೆ ಉಳಿಯುವುದು. ಪಾವಗಡ, ಬಾಗೇಪಲ್ಲಿ ಕಡೆ ಕಡ್ಲೆಕಾಯಿ ಸುಗ್ಗಿಯಲ್ಲಿ ಚಿಕ್ಕ ಮಕ್ಕಳ ಬಾಯಿಗೆ ಬೀಜ ಹೋಗುವುದು ಹೊಸದಲ್ಲ. ಮಗು ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ, ಸರಿಹೋಯಿತು ಅಂದುಕೊಳ್ಳುತ್ತೇವೆ. ಬೀಜ ಹೆಚ್ಚಾಗಿ ಶ್ವಾಸನಾಳದ ಬಲಗಡೆಯ ಕವಲಿಗೆ ಇಳಿದಿರುತ್ತದೆ, ಆ ಕವಲು ಅಗಲ, ನೆಟ್ಟಗಿದೆ. ಅಲ್ಲಿ ನೀರು ಹೀರಿ ಊದುತ್ತದೆ, ಅದರ ಎಣ್ಣೆಗೆ ಒಳಗೋಡೆ ಕೆರಳುತ್ತದೆ. ಇಷ್ಟು ಕೆಳಗೆ ಹೋದದ್ದಕ್ಕೆ ಹೊಟ್ಟೆ ಒತ್ತಬಾರದು. ಒಂದು ಕಡೆಯ ಶ್ವಾಸಕೋಶ ಮಾತ್ರ ಮುಚ್ಚಿದೆ, ಉಸಿರಾಟ ನಡೆಯುತ್ತಿದೆ. ಒತ್ತಿದರೆ ಬೀಜ ಎದ್ದು ಬಂದು ಮೇಲಿನ ದಾರಿಯನ್ನೇ ಮುಚ್ಚಬಹುದು. ಬಿಡದ ಕೆಮ್ಮು, ಒಂದೇ ಕಡೆ ಸುಯ್‌ಗುಟ್ಟುವುದು, ಆಮೇಲೆ ಜ್ವರ, ಇವು ಗುರುತು. ಕೊಳವೆ ಇಳಿಸಿ ತೆಗೆಯುವ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಹೋಗುವಾಗ ಹೊರಬಿದ್ದ ತುಂಡನ್ನು ಬಿಸಾಕಬೇಡಿ, ಕಾಗದದಲ್ಲಿ ಸುತ್ತಿಕೊಂಡು ಹೋಗಿ. ಬೀಗರೂಟದವರು ನಾಚಿಕೆಪಟ್ಟು "ಯಾಕೆ ಸಿಸ್ಟರ್ ಇದನ್ನೆಲ್ಲ" ಅಂದರೂ ನಾನು ಬಾಳೆಲೆಯ ಚೂರಲ್ಲಿ ಸುತ್ತಿ ಅವರ ಮಗನ ಕೈಗೆ ಕೊಟ್ಟೆ. ಆಸ್ಪತ್ರೆಯಲ್ಲಿ ವೈದ್ಯರು ಮುದ್ದೆ ಒರೆಸಿ ಮಾಂಸವನ್ನು ತಿರುಗಿಸಿ ನೋಡಿದರು. ಒಂದು ಮೂಲೆಯಲ್ಲಿ ಮೂಳೆ ಮುರಿದ ಗುರುತಿತ್ತು. ಹಾಗಾಗಿ ಎದೆಯ ಎಕ್ಸ್‌ರೇ ತೆಗೆಸಿದರು, ಹೊಟ್ಟೆಗೆ ಸ್ಕ್ಯಾನ್ ಮಾಡಿಸಿದರು, ರಾತ್ರಿ ಅಲ್ಲೇ ಇರಿಸಿಕೊಂಡರು. ಎರಡರಲ್ಲೂ ಏನೂ ಕಾಣಲಿಲ್ಲ. ಹೊಟ್ಟೆಯ ಮೇಲೆ ಮುಷ್ಟಿಯಷ್ಟಗಲದ ನೀಲಿ ಕಲೆ ಮಾತ್ರ ಹತ್ತು ದಿನ ಇತ್ತಂತೆ.